29, 27, 23: ಗರ್ಭಿಣಿಯ ಲೆಕ್ಕ

ಗವರ್ನರ್‌ಪೇಟೆಯ ನಮ್ಮ ಬೀದಿಯಲ್ಲಿ ಬಳ್ಳಾರಿ ಕಡೆಯ ಹುಡುಗಿಯೊಬ್ಬಳು ಅಂಗನವಾಡಿ ಮೇಲ್ವಿಚಾರಕಿ ಹುದ್ದೆಯ ಪರೀಕ್ಷೆಗೆ ಓದುತ್ತಿದ್ದಾಳೆ. ಏಲೂರು ರಸ್ತೆಯಲ್ಲಿ ಕೊಂಡ ಎರಡು ಗೈಡುಗಳನ್ನು ಹಿಡಿದು ಮೊನ್ನೆ ಬಂದಳು. ಗರ್ಭಿಣಿಗೆ ದಿನಕ್ಕೆ ಬೇಕಾದ ಕಬ್ಬಿಣಾಂಶ ಒಂದರಲ್ಲಿ 35 ಮಿ.ಗ್ರಾಂ, ಇನ್ನೊಂದರಲ್ಲಿ 27. "ಯಾವುದು ಸರಿ ಅಂಕಲ್? ಅದೂ ಅಲ್ಲದೆ, ಬಸುರಿಯಲ್ಲದ ಹೆಂಗಸಿಗೆ 29 ಅಂತಿದೆ. ಬಸುರಿಗೆ ಅದಕ್ಕಿಂತ ಕಡಿಮೆ ಸಾಕಾ?"

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2010ರಲ್ಲಿ ಕೊಟ್ಟ ಪಟ್ಟಿಯಲ್ಲಿ 35 ಇತ್ತು, 2020ರ ಪಟ್ಟಿಯಲ್ಲಿ 27 ಇದೆ. ಗೈಡು ಕೊಳ್ಳುವಾಗ ಯಾವ ವರ್ಷದ ಪಟ್ಟಿ ಎಂದು ನೋಡಬೇಕು. ಎರಡನೆಯ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಪಟ್ಟಿಯನ್ನು ಬಾಯಿಪಾಠ ಮಾಡುವ ಕಷ್ಟವೇ ಉಳಿಯುವುದಿಲ್ಲ.

ಒಂದು ಬಸಿರಿಗೆ ಒಟ್ಟು ಸುಮಾರು 1000 ಮಿ.ಗ್ರಾಂ ಕಬ್ಬಿಣ ಬೇಕು. ತಾಯಿಯ ರಕ್ತ ಹೆಚ್ಚುವುದಕ್ಕೆ ಸುಮಾರು ಅರ್ಧ, ಮಗು ಮತ್ತು ಮಾಸಿಗೆ 300ರಷ್ಟು, ಉಳಿದದ್ದು ದೇಹದ ಮಾಮೂಲಿ ನಷ್ಟಕ್ಕೆ. ಆದರೆ ಅದೇ ಹೊತ್ತಿಗೆ ಮುಟ್ಟು ನಿಂತಿರುತ್ತದೆ, ಕರುಳು ಊಟದಿಂದ ಹೆಚ್ಚು ಕಬ್ಬಿಣವನ್ನು ಹೀರತೊಡಗುತ್ತದೆ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳೋಣ: ಮಾಮೂಲಿ ಹೆಂಗಸು ತಿಂದ ಕಬ್ಬಿಣದಲ್ಲಿ ನೂರಕ್ಕೆ 8 ಭಾಗ ಹೀರಿದರೆ 29ರಲ್ಲಿ ದಕ್ಕುವುದು 2.3 ಮಿ.ಗ್ರಾಂ. ಬಸುರಿ 12 ಭಾಗ ಹೀರಿದರೆ 27ರಲ್ಲೇ 3.2 ದಕ್ಕುತ್ತದೆ. ತಟ್ಟೆಯಲ್ಲಿ ಕಡಿಮೆ, ರಕ್ತಕ್ಕೆ ಹೆಚ್ಚು. ಎದೆಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ, ಮುಟ್ಟೂ ತಡವಾಗಿ ಶುರುವಾಗುತ್ತದೆ. ಹಾಗಾಗಿ ಹಾಲುಣಿಸುವವಳಿಗೆ 23 ಸಾಕು.

ಹಾಗಿದ್ದರೆ ಕಬ್ಬಿಣದ ಮಾತ್ರೆ ಯಾಕೆ? ಈ ಪಟ್ಟಿ ಆರೋಗ್ಯವಾಗಿರುವ ಹೆಂಗಸಿನದು. ಬಸುರಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ನೂರಕ್ಕೆ 52 ಜನರ ಸ್ಥಿತಿ ಇದು. ಖಾಲಿ ಕಣಜವನ್ನು ಊಟವೊಂದೇ ತುಂಬಲಾರದು. ಅದಕ್ಕೇ ನಾಲ್ಕನೇ ತಿಂಗಳಿಂದ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ, ದಿನಕ್ಕೊಂದು ಐಎಫ್‌ಎ ಮಾತ್ರೆ. ಅದರಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ.

ಫೋಲೇಟ್‌ನದು ಬೇರೆ ದಾರಿ: ಮಾಮೂಲಿಗೆ 220 ಮೈಕ್ರೋಗ್ರಾಂ, ಬಸುರಿಗೆ 570, ಹಾಲುಣಿಸುವವಳಿಗೆ 330. ಹೊಸ ಜೀವಕೋಶ ಒಡೆದು ಬೆಳೆಯುವುದಕ್ಕೆ ಫೋಲೇಟ್ ಬೇಕು, ಬಸಿರಿನಲ್ಲಿ ನಡೆಯುವುದೇ ಅದು. ಮಗುವಿನ ಮೆದುಳು ಮತ್ತು ಬೆನ್ನುಹುರಿಯಾಗುವ ನಳಿಕೆ ಗರ್ಭ ನಿಂತ ಸುಮಾರು 28 ದಿನಕ್ಕೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ಜನರಿಗೆ ಆಗಿನ್ನೂ ಬಸುರಿ ಎಂದೇ ಗೊತ್ತಿರುವುದಿಲ್ಲ. ನಾಲ್ಕನೇ ತಿಂಗಳ ಮಾತ್ರೆ ಈ ಕೆಲಸಕ್ಕೆ ತಡವಾಯಿತು. ಆದ್ದರಿಂದಲೇ ಮಗು ಬೇಕೆಂದುಕೊಂಡಾಗಿನಿಂದ ಮೊದಲ ಮೂರು ತಿಂಗಳು ಮುಗಿಯುವವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಬೇರೆಯಾಗಿ ಕೊಡುತ್ತಾರೆ.

ಕ್ಯಾಲ್ಸಿಯಂ ಮೂರನೆಯ ದಾರಿ ಹಿಡಿಯುತ್ತದೆ. ಮಾಮೂಲಿಗೂ 1000 ಮಿ.ಗ್ರಾಂ, ಬಸುರಿಗೂ 1000, ಹಾಲುಣಿಸುವಾಗ 1200. ಬಸಿರಿನಲ್ಲಿ ಕರುಳು ಕ್ಯಾಲ್ಸಿಯಂ ಹೀರುವುದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹೆರಿಗೆಯ ನಂತರ ಅದು ಮೊದಲಿನ ಮಟ್ಟಕ್ಕೆ ಇಳಿಯುತ್ತದೆ, ಆದರೆ ಹಾಲಿನ ಜೊತೆ ದಿನಕ್ಕೆ 200 ಮಿ.ಗ್ರಾಂಗೂ ಹೆಚ್ಚು ಹೋಗುತ್ತಿರುತ್ತದೆ. ತಾಯಿಯ ಮೂಳೆಯೂ ಒಂದಿಷ್ಟು ಸಾಲ ಕೊಡುತ್ತದೆ, ಹಾಲು ಬಿಡಿಸಿದ ಮೇಲೆ ಮತ್ತೆ ತುಂಬಿಕೊಳ್ಳುತ್ತದೆ. ಪಟ್ಟಿಯಲ್ಲಿ ಹೆಚ್ಚಿದ ಆ 200 ಎಂದರೆ ಐವತ್ತು ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆಗಿಂತ ತುಸು ಜಾಸ್ತಿ. ಅಷ್ಟು ರಾಗಿಯಲ್ಲಿ ಸುಮಾರು 180 ಮಿ.ಗ್ರಾಂ ಇರುತ್ತದೆ.

ಪರೀಕ್ಷೆಯಲ್ಲಿ ಕೇಳುವ ಇನ್ನೊಂದು ವಿಷಯ, ಮನೆಯಲ್ಲಿ ತಪ್ಪುವುದೂ ಅದೇ: ಎರಡೂ ಮಾತ್ರೆಯನ್ನು ಒಟ್ಟಿಗೆ ನುಂಗುವುದು. ಕ್ಯಾಲ್ಸಿಯಂ ಕಬ್ಬಿಣವನ್ನು ಹೀರಲು ಬಿಡುವುದಿಲ್ಲ, ಕಾಫಿ ಚಹಾ ಕೂಡ ಹಾಗೆಯೇ. ಸರ್ಕಾರಿ ಕ್ರಮದಲ್ಲಿ 500 ಮಿ.ಗ್ರಾಂನ ಕ್ಯಾಲ್ಸಿಯಂ ಮಾತ್ರೆ ದಿನಕ್ಕೆರಡು. ಬೆಳಿಗ್ಗೆ ಎಂಟಕ್ಕೆ ತಿಂಡಿಯೊಡನೆ ಒಂದು, ರಾತ್ರಿ ಊಟದೊಡನೆ ಇನ್ನೊಂದು ಎಂದಿಟ್ಟುಕೊಳ್ಳಿ. ಮಧ್ಯಾಹ್ನ ಒಂದಕ್ಕೆ ಉಂಡು, ಮೂರಕ್ಕೆ ನಿಂಬೆ ಪಾನಕದ ಜೊತೆ ಕಬ್ಬಿಣದ ಮಾತ್ರೆ. ಸಂಜೆಯ ಕಾಫಿ ನಾಲ್ಕೂವರೆಯ ಮೇಲೆ. ಮಲ ಕಪ್ಪಾದರೆ ಹೆದರಬೇಕಿಲ್ಲ, ಅದು ಹೀರದೆ ಉಳಿದ ಕಬ್ಬಿಣ. ಮಗು ಕಪ್ಪಾಗುತ್ತದೆಂದು ಅತ್ತೆಯಂದಿರು ಮಾತ್ರೆ ಬಿಡಿಸುತ್ತಾರೆ. ಮೈಬಣ್ಣಕ್ಕೂ ಈ ಮಾತ್ರೆಗೂ ಸಂಬಂಧವಿಲ್ಲ.

ನಮ್ಮ ಹುಡುಗಿ ನೋಟಿನಲ್ಲಿ ಮೂರು ಗೆರೆ ಎಳೆದಳು: ಕಬ್ಬಿಣ ಇಳಿಜಾರು, ಫೋಲೇಟ್ ಗುಡ್ಡ, ಕ್ಯಾಲ್ಸಿಯಂ ಸಮತಟ್ಟಾಗಿ ಹೋಗಿ ಕೊನೆಗೊಂದು ಮೆಟ್ಟಿಲು. ಕೆಲಸ ಸಿಕ್ಕಮೇಲೆ ತಾಯಂದಿರಿಗೆ ವಿವರಿಸುವುದಕ್ಕೂ ಆ ಮೂರು ಗೆರೆ ಸಾಕಾಗುತ್ತವೆ.