ಐದು ನಿಮಿಷ ಪ್ಲ್ಯಾಂಕ್ ಮಾಡಿದರೆ ಸೊಂಟ ಗಟ್ಟಿಯಾಗುತ್ತದೆಯೇ?

ಪ್ಲ್ಯಾಂಕ್ ಎಷ್ಟು ಹೊತ್ತು ಹಿಡಿದರೆ ಅಷ್ಟು ಲಾಭ ಎಂದು ಹೇಳುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಮೈದಾನಗಳಲ್ಲಿ ಕಬಡ್ಡಿ, ಖೋಖೋ ಆಡುವ ಮಕ್ಕಳಿಗೆ ಅದನ್ನು ಕಳಿಸುವ ಮುನ್ನ ನಿಜ ಏನೆಂದು ನೋಡೋಣ.

ಕೋರ್ ಎಂದರೆ ಸಿಕ್ಸ್ ಪ್ಯಾಕ್ ಮಾತ್ರವಲ್ಲ. ಹೊಟ್ಟೆ, ಪಕ್ಕೆ, ಬೆನ್ನು ಮತ್ತು ಪೃಷ್ಠದ ಸ್ನಾಯುಗಳು ಸೇರಿ, ಕೈಕಾಲು ಆಡುವಾಗ ಬೆನ್ನುಮೂಳೆಯನ್ನು ಹಿಡಿತದಲ್ಲಿಡುತ್ತವೆ. ರೈಡರ್ ಕಾಲು ಚಾಚಿ ಥಟ್ಟನೆ ಹಿಂದಿರುಗಲು ಬೇಕಾದದ್ದು ಈ ಹಿಡಿತ.

ಒಂಬತ್ತನೇ ತರಗತಿಯ ಆಟಗಾರ್ತಿಯೊಬ್ಬಳು ಮೊಣಕೈ ಊರಿ ಪ್ಲ್ಯಾಂಕ್ ಹಿಡಿದಿದ್ದಾಳೆ ಎನ್ನಿ. ಬೆನ್ನ ಮೇಲೆ ಉದ್ದವಾಗಿ ಒಂದು ಕೋಲು ಇಡಿ. ಅದು ತಲೆ, ಮೇಲ್ಬೆನ್ನು, ಪೃಷ್ಠ ಮೂರನ್ನೂ ಮುಟ್ಟಬೇಕು. 25ನೇ ಸೆಕೆಂಡಿಗೆ ಸೊಂಟ ಜೋತುಬಿದ್ದು, ಕೋಲಿನ ಕೆಳಗಿನ ಸಂದು ದೊಡ್ಡದಾಯಿತು. ಹೊಟ್ಟೆಯ ಸ್ನಾಯುಗಳು ಸೋತು, ಭಾರ ಕೆಳಬೆನ್ನಿನ ಕೀಲುಗಳ ಮೇಲೆ ಬೀಳುತ್ತಿದೆ ಎಂದರ್ಥ. ಹಾಗಾಗಿ ಸದ್ಯಕ್ಕೆ ಅವಳ ಮಿತಿ 20 ಸೆಕೆಂಡು. ನಡುವೆ ವಿಶ್ರಾಂತಿ ಕೊಟ್ಟು ಮೂರು ಸಲ ಮಾಡಲಿ. ಅದೂ ಕಷ್ಟವಾದರೆ ಮಂಡಿ ಊರಲಿ.

ಸುಲಭವಾದಾಗ ಸಮಯ ಹೆಚ್ಚಿಸುವ ಬದಲು ವಿಧಾನ ಬದಲಿಸಿ. ಪಕ್ಕದ ಪ್ಲ್ಯಾಂಕ್‌ನಲ್ಲಿ ಮೊಣಕೈ ನೇರವಾಗಿ ಭುಜದ ಕೆಳಗಿರಲಿ. ಆಮೇಲೆ ಅಂಗೈ ಊರಿ, ಒಂದು ಕೈಯಿಂದ ಎದುರು ಭುಜ ಮುಟ್ಟಿ. ಸೊಂಟ ಅತ್ತಿತ್ತ ತೂಗಬಾರದು.

ಪೃಷ್ಠ ಮೇಲೆತ್ತಿದರೆ ಹೊಟ್ಟೆಗೆ ಕೆಲಸ ಕಡಿಮೆಯಾಗುತ್ತದೆ. ಉಸಿರು ಕಟ್ಟಬೇಡಿ. ಹೊಟ್ಟೆ ನಡುಗುವುದು ಸಹಜ. ಕೆಳಬೆನ್ನು ನೋವಾದರೆ ನಿಲ್ಲಿಸಿ. ಬೆನ್ನು ಹಿಂದಕ್ಕೆ ಬಾಗಿಸಿದಾಗ ಹೆಚ್ಚುವ ನೋವು ವಾರಗಟ್ಟಲೆ ಉಳಿದರೆ ವೈದ್ಯರಿಗೆ ತೋರಿಸಿ. ಬೆಳೆಯುವ ವಯಸ್ಸಿನ ಆಟಗಾರರಲ್ಲಿ ಅದು ಬೆನ್ನುಮೂಳೆಯ ಸಣ್ಣ ಬಿರುಕಿನ ಸೂಚನೆಯೂ ಆಗಿರಬಹುದು.