ಪದವಿ ಏರಿತು, ಮಾತು ಏರಲಿಲ್ಲ

ಕುಮಟೆಯ ಮೀನು ರಫ್ತು ಸಂಸ್ಥೆಯೊಂದರ ಹಿರಿಯ ವ್ಯವಸ್ಥಾಪಕರು ಸಾಗಣೆಯ ನಿರ್ದೇಶಕರಾದರು. ಲಿಂಕ್ಡ್‌ಇನ್ ತಲೆಬರಹದಲ್ಲಿ ಪದವಿಯೇನೋ ಬದಲಾಯಿತು. ಕೆಳಗಿನ ಪರಿಚಯ ಮಾತ್ರ “ಭಟ್ಕಳದ ಲಾರಿಗಳನ್ನು ಹೊರಡಿಸುತ್ತೇನೆ, ಹಾಜರಿ ನೋಡಿಕೊಳ್ಳುತ್ತೇನೆ” ಎಂದೇ ಉಳಿಯಿತು.

“ಇದು ಮಾಡುವವರ ಮಾತು, ನಿರ್ಧರಿಸುವವರದಲ್ಲ ರಾಯರೇ!” ಎಂದರು ಮಿತ್ರರು.

ರಾಯರು ತಿದ್ದಿದರು. ತಲೆಬರಹಕ್ಕೆ 220 ಅಕ್ಷರಗಳ ಮಿತಿ. ಅದರಲ್ಲಿ ಪದವಿಯೊಡನೆ ಭಟ್ಕಳ, ಹೊನ್ನಾವರ, ಕುಮಟೆಗಳ ವ್ಯಾಪ್ತಿಯೂ ಸೇರಿತು. ಪರಿಚಯದ ಮೊದಲ ಸಾಲುಗಳಷ್ಟೇ ಒಡನೆ ಕಾಣುವುದರಿಂದ ಹೊಣೆಯನ್ನು ಅಲ್ಲಿಯೇ ಇರಿಸಿದರು: “ಮೂರೂ ತಾಲ್ಲೂಕುಗಳಲ್ಲಿ ಶೈತ್ಯಾಗಾರ ಎಲ್ಲಿರಬೇಕು, ಜೂನ್-ಜುಲೈಯ ಮೀನುಗಾರಿಕೆ ನಿಷೇಧದಲ್ಲಿ ವಾಹನಗಳು ಏನನ್ನು ಹೊರಬೇಕು ಎಂಬುದನ್ನು ನಿರ್ಧರಿಸುತ್ತೇನೆ.”

ಉತ್ಸಾಹದಲ್ಲಿ “ಆಡಳಿತ ಮಂಡಳಿಯ ಸದಸ್ಯ” ಎಂದೂ ಬರೆದಿದ್ದರು. ಆದರೆ 2013ರ ಕಂಪನಿ ಕಾಯಿದೆಯಂತೆ ‘ನಿರ್ದೇಶಕ’ನೆಂದರೆ ಮಂಡಳಿಗೆ ನೇಮಕಗೊಂಡವನು; ರಾಯರದು ಸಂಬಳದ ಹುದ್ದೆಯ ಹೆಸರಷ್ಟೆ. ಆ ಸಾಲನ್ನು ಅವರೇ ಅಳಿಸಿದರು.