ಡಬ್ಬಿಯಲ್ಲಿ ಬಣ್ಣಗೆಡುವ ಪಲ್ಯ

ಬೆಳಗ್ಗೆ ಎಂಟೂವರೆಗೆ ಬಾಣಲೆಯಲ್ಲಿ ಗಿಣಿಹಸಿರಾಗಿದ್ದ ಹುರುಳಿಕಾಯಿ ಪಲ್ಯ, ಮಧ್ಯಾಹ್ನ ಒಂದು ಗಂಟೆಗೆ ಕಚೇರಿಯಲ್ಲಿ ಡಬ್ಬಿ ತೆರೆಯುವ ವೇಳೆಗೆ ಒಣಹುಲ್ಲಿನ ಬಣ್ಣ ತಾಳಿರುತ್ತಿತ್ತು. ಬಸವನಗುಡಿಯ ಒಂದು ಮನೆಯಲ್ಲಿ ಇದು ದಿನದಿನದ ವ್ಯಾಜ್ಯವಾಯಿತು. “ಹಿಂದಿನ ರಾತ್ರಿಯದನ್ನು ಕಟ್ಟಿ ಕೊಡುತ್ತೀಯಾ?” ಎಂದು ಯಜಮಾನರು ಸಂಜೆ ಕೇಳಿದರು. ಸೊಸೆಯ ಮುಖ ಬಾಡಿದ್ದನ್ನು ಕಂಡು ಅತ್ತೆಯವರು, “ಚಿಟಿಕೆ ಸೋಡಾ ಹಾಕಿ ನೋಡಮ್ಮ, ಬಣ್ಣ ನಿಲ್ಲುತ್ತೆ,” ಎಂದರು. ಬಣ್ಣವೇನೋ ನಿಂತಿತು. ಆದರೆ ಕಾಯಿ ಬೆರಳಿಗೆ ಅಂಟುವಷ್ಟು ಮೆತ್ತಗಾಗಿ, ರುಚಿಯಲ್ಲಿ ಸಾಬೂನಿನ ಛಾಯೆ ಸುಳಿಯಿತು. ಜೀವಸತ್ತ್ವಗಳಿಗೂ ಸೋಡಾ ಹಿತವಲ್ಲ.

ದೋಷವೆಲ್ಲಿದೆ? ಹಸಿರು ತರಕಾರಿಯ ಬಣ್ಣಕ್ಕೆ ಕಾರಣವಾದ ಪತ್ರಹರಿತ್ತಿನ ಕಣದ ನಡುವೆ ಮೆಗ್ನೀಸಿಯಂ ಕುಳಿತಿರುತ್ತದೆ. ಬಿಸಿ ಮತ್ತು ಹುಳಿ ಇವೆರಡೂ ಕೂಡಿದರೆ ಅದು ತನ್ನ ಸ್ಥಾನವನ್ನು ಬಿಟ್ಟುಕೊಡುತ್ತದೆ. ಕಾಯಿ ಮಂಕಾದ ಕಂದುಹಸಿರಾಗುತ್ತದೆ. ಹುಳಿಯನ್ನು ಯಾರೂ ಹಾಕಬೇಕಾಗಿಲ್ಲ. ಬೇಯುವ ಕಾಯಿಯೇ ತನ್ನೊಳಗಿನ ಆಮ್ಲವನ್ನು ಹೊರಬಿಡುತ್ತದೆ. ಬಾಣಲೆ ತೆರೆದಿದ್ದರೆ ಅದರ ಒಂದು ಭಾಗ ಹಬೆಯೊಡನೆ ಹಾರಿಹೋಗುತ್ತದೆ. ತಟ್ಟೆ ಮುಚ್ಚಿದರೆ ಹನಿಯಾಗಿ ಮತ್ತೆ ಕಾಯಿಯ ಮೇಲೆಯೇ ಬೀಳುತ್ತದೆ. ಬಿಸಿ ಪಲ್ಯವನ್ನು ತುಂಬಿ ಬಿಗಿಯಾಗಿ ಮುಚ್ಚಿದ ಡಬ್ಬಿಯೂ ಒಂದು ಮುಚ್ಚಿದ ಬಾಣಲೆಯೇ. ಒಲೆಯಿಂದ ಇಳಿದ ಪಲ್ಯ ಅದರೊಳಗೆ ಬಹಳ ಹೊತ್ತು ಬೇಯುತ್ತಲೇ ಇರುತ್ತದೆ.

ಮರುದಿನ ಆ ಗೃಹಿಣಿ ಕ್ರಮವನ್ನು ಬದಲಿಸಿದಳು. ಕಾಲು ಕಿಲೋ ಎಳೆಯ ಹುರುಳಿಕಾಯಿಯ ನಾರು ತೆಗೆದು, ಗೋಧಿಕಾಳಿನಷ್ಟು ಸಣ್ಣಗೆ, ಎಲ್ಲವೂ ಒಂದೇ ಅಳತೆಗೆ ಹೆಚ್ಚಿದಳು. ದಪ್ಪ ಚೂರೊಂದು ಬೇಯುವ ತನಕ ಸಣ್ಣ ಚೂರುಗಳು ಕಾಯುತ್ತಾ ಕೂರುವುದಿಲ್ಲವಷ್ಟೆ. ಅಗಲವಾದ ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ, ಸಾಸಿವೆ ಚಟಪಟಗುಟ್ಟಿದ ಮೇಲೆ ಒಂದು ಚಮಚ ಉದ್ದಿನಬೇಳೆ, ಎರಡು ಒಣಮೆಣಸಿನಕಾಯಿ, ಇಂಗು, ಕರಿಬೇವು ಹಾಕಿ ಬೇಳೆ ಕೆಂಪಾಗಿಸಿದಳು. ಕಾಯಿ ಸುರಿದು ಉರಿಯನ್ನು ಏರಿಸಿ ಎರಡು ನಿಮಿಷ ಕೈಬಿಡದೆ ಹುರಿದಳು. ಕಾಯಿಯೊಳಗಿನ ಗಾಳಿ ಹೊರಟುಹೋಗಿ ಹಸಿರು ಕಣ್ಣಿಗೆ ಕುಕ್ಕುವಂತಾಗುವುದು ಈ ಘಳಿಗೆಯಲ್ಲಿಯೇ.

ಬಳಿಕ ಉಪ್ಪು, ಮತ್ತು ಕುದಿಯುತ್ತಿದ್ದ ಅರ್ಧ ಲೋಟ ನೀರನ್ನು ಎರಡು ಕಂತಿನಲ್ಲಿ. ತಣ್ಣೀರನ್ನು ಹೊಯ್ದರೆ ಬಾಣಲೆ ತಣಿದು, ಅದು ಮತ್ತೆ ಕಾಯುವಷ್ಟರಲ್ಲಿ ಕಾಯಿ ವೃಥಾ ಮೆತ್ತಗಾಗುತ್ತದೆ. ಮುಚ್ಚಳವನ್ನು ಆಕೆ ಮುಟ್ಟಲೇ ಇಲ್ಲ. ಏಳೆಂಟು ನಿಮಿಷದಲ್ಲಿ ನೀರು ಇಂಗಿ, ಬಾಣಲೆಯ ಕೊತಕೊತ ಸದ್ದು ಅಡಗಿ ಚುರುಚುರು ಸದ್ದು ಹೊರಟಿತು. ಒಂದು ಚೂರನ್ನು ಕಚ್ಚಿ ನೋಡಿದಳು: ಹಲ್ಲಿಗೆ ಸಣ್ಣ ತಡೆ ಸಿಗಬೇಕು, ಹಸಿವಾಸನೆ ಇರಕೂಡದು. ಗರಿಗರಿಯ ಆಸೆಯಿಂದ ಅರೆಬೆಂದ ಕಾಯಿಯನ್ನು ಬಡಿಸುವುದು ತಪ್ಪು. ಹಸಿಯ ಹುರುಳಿಕಾಯಿಯಲ್ಲಿ ಹೊಟ್ಟೆ ಕೆಡಿಸುವ ಅಂಶವುಂಟು, ಅದು ಚೆನ್ನಾಗಿ ಬೇಯಿಸಿದರೆ ಮಾತ್ರ ಅಳಿಯುತ್ತದೆ.

ನೀರು ಪೂರ್ಣವಾಗಿ ಆರಿದ ಮೇಲೆಯೇ ಅರ್ಧ ಬಟ್ಟಲು ತೆಂಗಿನತುರಿ. ಹಸಿ ಇರುವಾಗಲೇ ತುರಿ ಬಿದ್ದರೆ ನೀರನ್ನು ಹೀರಿ ಮುದ್ದೆಗಟ್ಟುತ್ತದೆ. ಹೆಚ್ಚು ಹೊತ್ತು ಹುರಿದರೆ ಬಿಳುಪು ಹೋಗುತ್ತದೆ. ಎರಡು ಬಾರಿ ಮೊಗಚಿ ಒಲೆ ಆರಿಸಿದಳು.

ಆ ದಿನ ಪಲ್ಯವನ್ನು ಆಕೆ ಎರಡು ಪಾಲು ಮಾಡಿದಳು. ಒಂದನ್ನು ಎಂದಿನಂತೆ ಬಿಸಿಬಿಸಿಯಾಗಿ ಡಬ್ಬಿಗೆ ತುಂಬಿ ಅಡಿಗೆಮನೆಯಲ್ಲಿಯೇ ಇಟ್ಟುಕೊಂಡಳು. ಇನ್ನೊಂದನ್ನು ಅಗಲವಾದ ಹರಿವಾಣದಲ್ಲಿ ಬೆರಳ ದಪ್ಪಕ್ಕೂ ಕಡಮೆಯಾಗಿ ಹರಡಿ, ಕಾಲು ಗಂಟೆ ಆರಿಸಿ, ಯಜಮಾನರ ಡಬ್ಬಿಗೆ ಹಾಕಿದಳು. ಒಂದು ಗಂಟೆಗೆ ಮನೆಯ ಡಬ್ಬಿಯನ್ನು ತೆರೆದು ನೋಡಿದರೆ ಮುಚ್ಚಳದ ತುಂಬ ಹನಿ, ಕೆಳಗೆ ಮಂಕುಬಣ್ಣ, ತುರಿಯಲ್ಲಿ ಹಳಸಲು ವಾಸನೆಯ ಸುಳಿವು. ಅತ್ತೆಯವರೂ ಬಗ್ಗಿ ನೋಡಿ, “ಅಯ್ಯೋ, ಸೋಡಾದ್ದಲ್ಲ ತಪ್ಪು, ಮುಚ್ಚಳದ್ದು!” ಎಂದರು.

ಗಜ್ಜರಿಯ ವಿಷಯದಲ್ಲಿ ಇಷ್ಟು ಜಾಗರೂಕತೆ ಬೇಡ. ಅದರ ಕೆಂಬಣ್ಣ ಹುಳಿಗೂ ಮುಚ್ಚಳಕ್ಕೂ ಅಂಜುವುದಿಲ್ಲ; ಕೆಡುವುದು ಅದರ ಗಡಸು ಮಾತ್ರ. ಎರಡನ್ನೂ ಕೂಡಿಸಿ ಮಾಡುವಾಗ ಹುರುಳಿಕಾಯಿ ಮುಕ್ಕಾಲು ಬೆಂದ ಮೇಲೆ ಸಣ್ಣಗೆ ಹೆಚ್ಚಿದ ಗಜ್ಜರಿಯನ್ನು ಸೇರಿಸಿದರೆ ಸಾಕು, ಮೂರು ನಾಲ್ಕು ನಿಮಿಷದಲ್ಲಿ ಹದವಾಗುತ್ತದೆ. ನಿಂಬೆಹಣ್ಣು ಬೇಕೆನಿಸಿದರೆ ಅದನ್ನು ಎಲೆಯ ಮೇಲೆಯೇ ಹಿಂಡಿಕೊಳ್ಳಬೇಕು. ಆ ಮನೆಯ ಯಜಮಾನರು ಈಗ ಅರ್ಧ ಹೋಳನ್ನು ಬೇರೆ ಕಟ್ಟಿಸಿಕೊಂಡು ಹೋಗುತ್ತಾರೆ.